ಮೇಲ್ ಆಪ್ ಪದೇ ಪದೇ ಪಾಸ್‌ವರ್ಡ್ ಕೇಳುತ್ತಿದೆಯಾ? ಗೂಗಲ್ ಸೈನ್‌ಇನ್, ಆಪ್ ಪಾಸ್‌ವರ್ಡ್, ಬೇರೆ ಆಪ್: ಯಾವುದು ಎಲ್ಲಿಗೆ ಸರಿ

ಬ್ರೌಸರ್‌ನಲ್ಲಿ ಜಿಮೇಲ್ ಆರಾಮಾಗಿ ತೆರೆಯುತ್ತದೆ. ಫೋನಿನ ಜಿಮೇಲ್ ಆಪ್‌ನಲ್ಲೂ ಮೇಲ್ ಬರುತ್ತಿದೆ. ಆದರೆ ಕಂಪ್ಯೂಟರಿನ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಮಾತ್ರ ಒಂದು ಚಿಕ್ಕ ಪೆಟ್ಟಿಗೆ ತೋರಿಸಿ ಪಾಸ್‌ವರ್ಡ್ ಕೇಳುತ್ತದೆ. ಸರಿಯಾದ ಪಾಸ್‌ವರ್ಡನ್ನೇ ಹಾಕುತ್ತೀರಿ. ಪೆಟ್ಟಿಗೆ ಮಾಯವಾಗುತ್ತದೆ. ಎರಡೇ ಕ್ಷಣದಲ್ಲಿ ಮತ್ತೆ ಬರುತ್ತದೆ.

ಈ ಹಂತದಲ್ಲಿ ಬಹಳ ಜನ ಮಾಡುವ ಕೆಲಸ ಅಂದ್ರೆ "ಪಾಸ್‌ವರ್ಡ್ ಮರೆತಿದ್ದೇನೆ" ಎಂಬುದನ್ನು ಒತ್ತಿ ಹೊಸ ಪಾಸ್‌ವರ್ಡ್ ಇಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಅದರಿಂದ ಈ ತೊಂದರೆ ಹೋಗುವುದಿಲ್ಲ. ಇಲ್ಲಿಯವರೆಗೆ ಸರಿಯಾಗಿ ನಡೆಯುತ್ತಿದ್ದ ಬೇರೆ ಸಾಧನಗಳೂ ಕೆಡಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಪರೀಕ್ಷೆ ಮಾಡಿ. ಬ್ರೌಸರ್‌ನಲ್ಲಿ ಖಾಸಗಿ ಕಿಟಕಿ ತೆರೆದು, ಅದೇ ಇಮೇಲ್ ವಿಳಾಸ ಮತ್ತು ಅದೇ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡಿ. ಒಳಗೆ ಹೋಗಲು ಆಗದಿದ್ದರೆ ಪಾಸ್‌ವರ್ಡ್ ನಿಜವಾಗಿಯೂ ತಪ್ಪು, ಆ ಕಥೆ ಬೇರೆ. ಒಳಗೆ ಹೋಯಿತು ಅಂದರೆ ಪಾಸ್‌ವರ್ಡ್ ಸರಿ ಇದೆ, ಮೇಲ್ ಆಪ್ ಅದನ್ನು ಕಳಿಸುವ ವಿಧಾನವನ್ನು ಗೂಗಲ್ ಒಪ್ಪುತ್ತಿಲ್ಲ.

## ಸರಿಯಾದ ಪಾಸ್‌ವರ್ಡ್ ಯಾಕೆ ನಡೆಯುವುದಿಲ್ಲ

ಮೇಲ್ ಆಪ್‌ಗಳು ಸರ್ವರ್ ಜತೆ ಮಾತಾಡುವುದು ಐಮ್ಯಾಪ್, ಪಾಪ್, ಎಸ್‌ಎಂಟಿಪಿ ಎಂಬ ಹಳೆಯ ಪದ್ಧತಿಗಳಲ್ಲಿ. ಮೊದಲಿನೆರಡು ಮೇಲ್ ತರಲು, ಮೂರನೆಯದು ಕಳಿಸಲು. ಇವುಗಳಲ್ಲಿ ಒಳಗೆ ಹೋಗುವ ಹಳೆಯ ಕ್ರಮ ತುಂಬ ಸರಳ. ಆಪ್ ಒಂದು ಹೆಸರು ಕಳಿಸುತ್ತದೆ, ಒಂದು ಪಾಸ್‌ವರ್ಡ್ ಕಳಿಸುತ್ತದೆ, ಸರ್ವರ್ ಹೂಂ ಅಥವಾ ಊಹೂಂ ಅನ್ನುತ್ತದೆ. ಫೋನಿಗೆ ಬರುವ ಒಟಿಪಿ ಹಾಕಲು ಅಲ್ಲಿ ಜಾಗವೇ ಇಲ್ಲ. "ಇದು ನೀವೇನಾ?" ಎಂದು ಕೇಳುವ ಪರದೆ ತೋರಿಸಲೂ ದಾರಿ ಇಲ್ಲ. ಅಂದರೆ ನಿಮ್ಮ ಪಾಸ್‌ವರ್ಡ್ ಕದ್ದವರು ಯಾವ ಊರಿನಿಂದ ಬೇಕಾದರೂ ಅದೇ ಹಳೆಯ ದಾರಿಯಲ್ಲಿ ಒಳಗೆ ಬರಬಹುದು. ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜತೆ ಫೋನಿನ ಒಪ್ಪಿಗೆಯೂ ಬೇಕೆನ್ನುವ ಕ್ರಮ, ಆ ದಾರಿಯಲ್ಲಿ ನಡೆಸಲು ಬರುವುದಿಲ್ಲ.

ಅದಕ್ಕೇ ಗೂಗಲ್ ಆ ದಾರಿ ಮುಚ್ಚಿತು. ಸಾಮಾನ್ಯ ಜಿಮೇಲ್ ಖಾತೆಗಳಿಗೆ 2022ರ ಮೇ 30ರಿಂದ ಬರೀ ಹೆಸರು ಮತ್ತು ಖಾತೆಯ ಪಾಸ್‌ವರ್ಡ್ ಕೊಟ್ಟು ಬರುವ ಆಪ್‌ಗಳಿಗೆ ಪ್ರವೇಶ ನಿಂತಿತು. ಕಂಪನಿಗಳು, ಕಾಲೇಜುಗಳು ತಮ್ಮದೇ ಡೊಮೈನ್ ಹೆಸರಿನಲ್ಲಿ ಬಳಸುವ ಗೂಗಲ್ ವರ್ಕ್‌ಸ್ಪೇಸ್ ಖಾತೆಗಳಿಗೆ ಈ ಗಡುವು ಕೆಲವು ಸಲ ಮುಂದಕ್ಕೆ ಹೋಗಿ, ಕೊನೆಗೆ 2025ರ ಮೇ ತಿಂಗಳಿಗೆ ಬಂತು.

ಹಾಗಾದರೆ ಸಾಮಾನ್ಯ ಜಿಮೇಲ್ ಇಟ್ಟುಕೊಂಡವರಿಗೆ ವರ್ಷಗಳ ನಂತರ ಇದ್ದಕ್ಕಿದ್ದಂತೆ ಈ ತೊಂದರೆ ಯಾಕೆ? ಬಹುಪಾಲು ಸಲ ಕಾರಣ ಹೀಗಿರುತ್ತದೆ. ಹಿಂದೆ ಯಾರೋ ರಿಪೇರಿಯವರು ಅಥವಾ ಮನೆಯ ಹುಡುಗರು ಆಪ್ ಪಾಸ್‌ವರ್ಡ್, ಅಂದರೆ ಇಂಥ ಆಪ್‌ಗಳಿಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್, ಹಾಕಿಕೊಟ್ಟಿರುತ್ತಾರೆ. ಅದು ಒಳಗೆ ಸೇವ್ ಆಗಿ ಸುಮ್ನೆ ನಡೆಯುತ್ತಿರುತ್ತದೆ, ಎಲ್ಲರಿಗೂ ಮರೆತೂ ಹೋಗಿರುತ್ತದೆ. ಆಮೇಲೊಂದು ದಿನ ಮಾಲೀಕರು ಖಾತೆಯ ಪಾಸ್‌ವರ್ಡ್ ಬದಲಾಯಿಸುತ್ತಾರೆ. ಖಾತೆಯ ಪಾಸ್‌ವರ್ಡ್ ಬದಲಾದ ಕೂಡಲೇ ಆ ಖಾತೆಯ ಎಲ್ಲ ಆಪ್ ಪಾಸ್‌ವರ್ಡ್‌ಗಳನ್ನೂ ಗೂಗಲ್ ರದ್ದು ಮಾಡುತ್ತದೆ. ಔಟ್‌ಲುಕ್, ಸ್ಕ್ಯಾನರ್ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಅದಕ್ಕೇ ಪಾಸ್‌ವರ್ಡ್ ಬದಲಾಯಿಸಲು ಹೋಗಬೇಡಿ ಎಂದು ಮೇಲೆ ಹೇಳಿದ್ದು.

ಆಪ್‌ನ ದೋಷದ ಸಂದೇಶ ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯನ್ನು ರದ್ದು ಮಾಡಿ, ಅದರ ಹಿಂದೆ ಬಂದ ಇಂಗ್ಲಿಷ್ ಸಾಲನ್ನು ನೋಡಿ. ಹೀಗೆ ಇದ್ದರೆ ಗೂಗಲ್ ನೇರವಾಗಿಯೇ ಆಪ್ ಪಾಸ್‌ವರ್ಡ್ ಕೇಳುತ್ತಿದೆ:

```
534-5.7.9 Application-specific password required.
```

ಹೀಗೆ ಇದ್ದರೆ, ಹಾಕಿದ ಆಪ್ ಪಾಸ್‌ವರ್ಡ್ ತಪ್ಪಾಗಿದೆ ಅಥವಾ ರದ್ದಾಗಿದೆ, ಇಲ್ಲವೇ ಖಾತೆಯ ಪಾಸ್‌ವರ್ಡನ್ನೇ ಹಾಕಿದ್ದೀರಿ:

```
535-5.7.8 Username and Password not accepted.
```

## ಮೊದಲ ಆಯ್ಕೆ: ಗೂಗಲ್ ಕಿಟಕಿಯ ಮೂಲಕ ಸೈನ್‌ಇನ್

ಇದರ ತಾಂತ್ರಿಕ ಹೆಸರು ಓಆತ್. ಸೆಟ್ಟಿಂಗ್‌ನಲ್ಲಿ `OAuth2` ಎಂದು ಕಾಣುತ್ತದೆ. ಇಲ್ಲಿ ಮೇಲ್ ಆಪ್‌ಗೆ ನಿಮ್ಮ ಪಾಸ್‌ವರ್ಡ್ ಸಿಗುವುದೇ ಇಲ್ಲ. ಆಪ್ ಒಂದು ಗೂಗಲ್ ಪುಟ ತೆರೆಯುತ್ತದೆ. ನೀವು ಅಲ್ಲಿ ಪಾಸ್‌ವರ್ಡ್ ಹಾಕುತ್ತೀರಿ, ಫೋನಿನಲ್ಲಿ ಒಪ್ಪಿಗೆ ಕೊಡುತ್ತೀರಿ, "ಈ ಆಪ್ ನನ್ನ ಮೇಲ್ ನೋಡಬಹುದು" ಎಂದು ಅನುಮತಿಸುತ್ತೀರಿ. ಗೂಗಲ್ ಆ ಆಪ್‌ಗೆ ಒಂದು ಟೋಕನ್, ಅಂದರೆ ಪಾಸ್‌ವರ್ಡ್ ಬದಲು ತೋರಿಸುವ ಡಿಜಿಟಲ್ ಚೀಟಿ, ಕೊಡುತ್ತದೆ. ಮೇಲ್ ತರಲು ಬಳಸುವ ಟೋಕನ್ ಸುಮಾರು ಒಂದು ಗಂಟೆಯಲ್ಲಿ ಸಾಯುತ್ತದೆ. ಅದು ಸತ್ತಾಗ ಹೊಸದನ್ನು ತರಿಸಿಕೊಳ್ಳಲು ಆಪ್ ಬಳಿ ಇನ್ನೊಂದು ದೀರ್ಘಕಾಲದ ಟೋಕನ್ ಇರುತ್ತದೆ. ಇದೆಲ್ಲ ಹಿಂದೆ ತಾನಾಗಿ ನಡೆಯುತ್ತದೆ.

ಇದರಲ್ಲಿ ಎರಡು ಹಂತದ ಪರಿಶೀಲನೆ ನಿಜವಾಗಿ ಕೆಲಸ ಮಾಡುತ್ತದೆ, ಯಾಕಂದ್ರೆ ಸೈನ್‌ಇನ್ ಆಗುವುದು ಗೂಗಲ್‌ನ ಪುಟದಲ್ಲೇ. ಆಪ್ ಇರುವ ಲ್ಯಾಪ್‌ಟಾಪ್ ಕಳೆದುಹೋದರೆ ಗೂಗಲ್ ಖಾತೆಯ ಪುಟಕ್ಕೆ ಹೋಗಿ ಆ ಆಪ್‌ಗೆ ಕೊಟ್ಟ ಅನುಮತಿಯನ್ನು ತೆಗೆದುಹಾಕಬಹುದು.

ಥಂಡರ್‌ಬರ್ಡ್ ಇರುವವರು ಖಾತೆ ಅಳಿಸಿ ಮತ್ತೆ ಸೇರಿಸಬೇಕಿಲ್ಲ. `Account Settings` ಒಳಗೆ `Server Settings` ತೆರೆಯಿರಿ. ಅಲ್ಲಿ `Authentication method` ಎದುರು `Normal password` ಎಂದಿದ್ದರೆ ಅದನ್ನು `OAuth2` ಮಾಡಿ. ಇಷ್ಟಕ್ಕೇ ಬಿಟ್ಟರೆ ಮೇಲ್ ಬರುತ್ತದೆ, ಹೋಗುವುದಿಲ್ಲ. ಕಳಿಸುವ ಸರ್ವರ್‌ನ ಸೆಟ್ಟಿಂಗ್ ಎಡಗಡೆ ಪಟ್ಟಿಯ ತಳದಲ್ಲಿ `Outgoing Server (SMTP)` ಎಂಬ ಬೇರೆ ಜಾಗದಲ್ಲಿದೆ. ಅಲ್ಲೂ ಇದೇ ಬದಲಾವಣೆ ಮಾಡಬೇಕು. ಆಮೇಲೆ `Settings` ಒಳಗೆ `Privacy & Security`, ಅಲ್ಲಿ `Saved Passwords` ತೆರೆದು `imap.gmail.com` ಮತ್ತು `smtp.gmail.com` ಹೆಸರಿನ ಹಳೆಯ ಸಾಲುಗಳನ್ನು ಅಳಿಸಿ, ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಗೂಗಲ್ ಕಿಟಕಿ ಬರುತ್ತದೆ. ಕಿಟಕಿ ಬಂದೂ ಸೈನ್‌ಇನ್ ಮುಗಿಯದೆ ಸುತ್ತುತ್ತಿದ್ದರೆ ಅದೇ `Privacy & Security` ಪುಟದಲ್ಲಿ ಕುಕೀಗಳಿಗೆ ಅನುಮತಿ ಇದೆಯಾ ನೋಡಿ. ಕುಕೀ ಇಲ್ಲದೆ ಆ ಪುಟ ನಡೆಯುವುದಿಲ್ಲ.

ಐಫೋನ್‌ನ ಮೇಲ್ ಆಪ್‌ನಲ್ಲಿ ವ್ಯತ್ಯಾಸ ಆಗುವುದು ಖಾತೆ ಸೇರಿಸುವಾಗ. ಪಟ್ಟಿಯಲ್ಲಿ `Google` ಒತ್ತಿದರೆ ಗೂಗಲ್ ಪುಟ ತೆರೆಯುತ್ತದೆ. `Other` ಒತ್ತಿ ಸರ್ವರ್ ಹೆಸರು ಕೈಯಾರೆ ತುಂಬಿದ್ದರೆ ಅದು ಹಳೆಯ ದಾರಿ. ಅಂಥ ಖಾತೆಯನ್ನು ತೆಗೆದು `Google` ಮೂಲಕ ಮತ್ತೆ ಸೇರಿಸುವುದೇ ಒಳ್ಳೆಯದು. ಐಮ್ಯಾಪ್ ಖಾತೆಯಾದರೆ ಮೇಲ್ ಎಲ್ಲ ಗೂಗಲ್‌ನಲ್ಲೇ ಇರುತ್ತದೆ, ಏನೂ ಕಳೆದುಹೋಗುವುದಿಲ್ಲ.

ಈ ಆಯ್ಕೆಗೂ ಒಂದು ಮಿತಿ ಇದೆ. ಖಾತೆಯ ಪಾಸ್‌ವರ್ಡ್ ಬದಲಾಯಿಸಿದರೆ ಮೇಲ್ ನೋಡುವ ಟೋಕನ್‌ಗಳೂ ರದ್ದಾಗುತ್ತವೆ. ಆದರೆ ಆಗ ಗೂಗಲ್ ಕಿಟಕಿಯೇ ಮತ್ತೆ ತೆರೆಯುತ್ತದೆ, ಒಂದು ಸಲ ಸೈನ್‌ಇನ್ ಆದರೆ ಮುಗಿಯಿತು. ಏನಾಗಿದೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

## ಎರಡನೇ ಆಯ್ಕೆ: ಆಪ್ ಪಾಸ್‌ವರ್ಡ್

ಗೂಗಲ್ ಕಿಟಕಿ ತೆರೆಯಲು ಬಾರದ ಸಾಧನಗಳು ಇನ್ನೂ ಬಹಳ ಇವೆ. ಔಟ್‌ಲುಕ್ 2010, 2013ರಂಥ ಹಳೆಯ ಆಪ್‌ಗಳು, ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಜೆರಾಕ್ಸ್ ಯಂತ್ರಗಳು, ಬಿಲ್ ಮೇಲ್ ಮಾಡುವ ಕೆಲವು ಲೆಕ್ಕದ ಸಾಫ್ಟ್‌ವೇರ್‌ಗಳು. ಇವುಗಳಿಗೆ ಗೊತ್ತಿರುವುದು ಹೆಸರು ಮತ್ತು ಪಾಸ್‌ವರ್ಡ್ ಎಂಬ ಎರಡೇ ಖಾನೆ. ಇವಕ್ಕಾಗಿ ಗೂಗಲ್ ಉಳಿಸಿರುವ ದಾರಿ ಆಪ್ ಪಾಸ್‌ವರ್ಡ್.

ಇದು ಗೂಗಲ್ ತಾನೇ ಹುಟ್ಟಿಸಿ ಕೊಡುವ 16 ಅಕ್ಷರಗಳ ಸರಮಾಲೆ. ಎಲ್ಲವೂ ಇಂಗ್ಲಿಷಿನ ಚಿಕ್ಕ ಅಕ್ಷರಗಳು. ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸುತ್ತದೆ. ಊಹಿಸಿ ಕಂಡುಹಿಡಿಯುವುದು ಆಗದ ಮಾತು. ಇದನ್ನು ಹಳೆಯ ಆಪ್‌ನ ಪಾಸ್‌ವರ್ಡ್ ಖಾನೆಯಲ್ಲಿ ಹಾಕಿದರೆ ಗೂಗಲ್ ಒಳಗೆ ಬಿಡುತ್ತದೆ, ಒಟಿಪಿ ಕೇಳುವುದಿಲ್ಲ. ಬ್ರೌಸರ್‌ನಲ್ಲಿ ಖಾತೆಗೆ ಸೈನ್‌ಇನ್ ಆಗಲು ಇದು ನಡೆಯುವುದಿಲ್ಲ.

ಆಪ್ ಪಾಸ್‌ವರ್ಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬ ಹರಡಿದೆ. ಹುಟ್ಟಿಸುವಾಗ ಒಂದು ಹೆಸರು ಕೊಡಬೇಕು, "ಸ್ಕ್ಯಾನರ್" ಅಂತಲೋ "ಔಟ್‌ಲುಕ್" ಅಂತಲೋ. ಹಾಗೆ ಹೆಸರಿಟ್ಟರೆ ಅದು ಆ ಸಾಧನಕ್ಕೆ ಮಾತ್ರ ನಡೆಯುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಆ ಹೆಸರು ನಿಮ್ಮ ನೆನಪಿಗೆ ಇರುವ ಚೀಟಿ ಅಷ್ಟೇ. ಸ್ಕ್ಯಾನರ್‌ಗೆಂದು ಮಾಡಿದ 16 ಅಕ್ಷರಗಳನ್ನು ಯಾರಾದರೂ ಬೇರೆ ಊರಿನಲ್ಲಿ ಕೂತು ಥಂಡರ್‌ಬರ್ಡ್‌ಗೆ ಹಾಕಿದರೆ ನಿಮ್ಮ ಇಡೀ ಮೇಲ್‌ಪೆಟ್ಟಿಗೆ ಅವರ ಮುಂದೆ ತೆರೆದುಕೊಳ್ಳುತ್ತದೆ. ಕಳಿಸಲು ಮಾತ್ರ, ಓದಲು ಬೇಡ ಎಂಬ ಕಟ್ಟು ಅದಕ್ಕಿಲ್ಲ. ತಾನಾಗಿ ಮುಗಿಯುವ ಅವಧಿಯೂ ಇಲ್ಲ. ಅಂಗಡಿಯ ಮುಂಬಾಗಿಲಿಗೆ ಎರಡು ಬೀಗ ಹಾಕಿ, ಹಿಂಬಾಗಿಲ ಕೀಲಿಕೈಯನ್ನು ಒಬ್ಬರ ಕೈಗೆ ಕೊಟ್ಟ ಹಾಗೆ ಇದು. ಕೊಡುವುದು ತಪ್ಪಲ್ಲ, ಯಾರ ಬಳಿ ಇದೆ ಅಂತ ಗೊತ್ತಿರಬೇಕು.

ಹಾಗಾದರೆ ಖಾತೆಯ ಪಾಸ್‌ವರ್ಡ್ ಕೊಡುವುದಕ್ಕಿಂತ ಇದು ಯಾಕೆ ಮೇಲು? ಎರಡು ಕಾರಣ. ಒಂದು, ಇದು ಸೋರಿಹೋದರೂ ಅದರಿಂದ ಬ್ರೌಸರ್‌ನಲ್ಲಿ ಸೈನ್‌ಇನ್ ಆಗಿ ನಿಮ್ಮ ಪಾಸ್‌ವರ್ಡ್ ಬದಲಾಯಿಸಿ ನಿಮ್ಮನ್ನೇ ಹೊರಗೆ ಹಾಕಲು ಬರುವುದಿಲ್ಲ. ಎರಡು, ಒಂದೊಂದು ಸಾಧನಕ್ಕೆ ಒಂದೊಂದು ಮಾಡಿಕೊಂಡಿದ್ದರೆ ಅದೊಂದನ್ನೇ ರದ್ದು ಮಾಡಬಹುದು. ಉಳಿದವು ನಡೆಯುತ್ತಿರುತ್ತವೆ. ಅದಕ್ಕೇ ಒಂದೇ ಆಪ್ ಪಾಸ್‌ವರ್ಡನ್ನು ಮೂರು ಕಡೆ ಹಾಕಬೇಡಿ. ಹಾಕಿದರೆ ಎರಡನೇ ಲಾಭ ಪೂರ್ತಿ ಹೋಯಿತು.

ಮಾಡುವ ಕ್ರಮ ಹೀಗೆ. ಗೂಗಲ್ ಖಾತೆಯ ಸೆಕ್ಯೂರಿಟಿ ಭಾಗದಲ್ಲಿ ಮೊದಲು `2-Step Verification` ಆನ್ ಮಾಡಿ. ಅದಿಲ್ಲದೆ ಆಪ್ ಪಾಸ್‌ವರ್ಡ್ ಸಿಗುವುದಿಲ್ಲ. ಆಮೇಲೆ ಬ್ರೌಸರ್‌ನಲ್ಲಿ ಈ ವಿಳಾಸ ನೇರವಾಗಿ ಹಾಕಿ, ಯಾಕಂದ್ರೆ ಸೆಟ್ಟಿಂಗ್ ಪುಟಗಳಲ್ಲಿ ಹುಡುಕಿದರೆ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ:

```
myaccount.google.com/apppasswords
```

ಹೆಸರು ಕೊಟ್ಟು `Create` ಒತ್ತಿ. 16 ಅಕ್ಷರ ಕಾಣುತ್ತವೆ. ಆ ಪೆಟ್ಟಿಗೆ ಮುಚ್ಚಿದ ಮೇಲೆ ಅವನ್ನು ಮತ್ತೆ ನೋಡಲು ದಾರಿ ಇಲ್ಲ, ಹೊಸದು ಮಾಡಬೇಕಾಗುತ್ತದೆ. ಕಳೆದುಹೋಯಿತು ಅಂತ ಗಾಬರಿ ಬೇಡ, ಹಳೆಯದನ್ನು ಅಳಿಸಿ ಇನ್ನೊಂದು ಮಾಡಿದರಾಯಿತು. ನಡುವಿನ ಖಾಲಿ ಜಾಗ ಓದುವ ಅನುಕೂಲಕ್ಕೆ ಮಾತ್ರ ಇರುವುದು. ಸಾಧನದಲ್ಲಿ ಹಾಕುವಾಗ 16ನ್ನೂ ಒಟ್ಟಿಗೆ ಸೇರಿಸಿ ಹಾಕಿ. ಸ್ಕ್ಯಾನರ್‌ನ ಚಿಕ್ಕ ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತುವಾಗ ಮೊದಲ ಅಕ್ಷರ ತಾನಾಗಿ ದೊಡ್ಡಕ್ಷರ ಆಗಿಬಿಡುತ್ತದೆಯಾ ಎಂದೂ ನೋಡಿ.

ಆ ಪುಟ ತೆರೆದಾಗ "ಈ ಸೆಟ್ಟಿಂಗ್ ನಿಮ್ಮ ಖಾತೆಗೆ ಲಭ್ಯವಿಲ್ಲ" ಎಂಬ ಅರ್ಥದ ಸಂದೇಶ ಬಂದರೆ ನೋಡಬೇಕಾದ ಕಾರಣಗಳು ಕೆಲವೇ. ಎರಡು ಹಂತದ ಪರಿಶೀಲನೆ ಆನ್ ಆಗಿಲ್ಲ. ಅಥವಾ ಅದಕ್ಕೆ ಸೆಕ್ಯೂರಿಟಿ ಕೀ ಎಂಬ ಚಿಕ್ಕ ಸಾಧನ ಮಾತ್ರ ಇಟ್ಟುಕೊಂಡಿದ್ದೀರಿ. ಅಥವಾ ಅದು ಆಫೀಸಿನ ಖಾತೆ, ನಿಮ್ಮ ಅಡ್ಮಿನ್ ಅದನ್ನು ಮುಚ್ಚಿದ್ದಾರೆ. ಅಥವಾ ಗೂಗಲ್‌ನ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಎಂಬ ಹೆಚ್ಚಿನ ಭದ್ರತೆ ಹಾಕಿಕೊಂಡಿದ್ದೀರಿ, ಅದರಲ್ಲಿ ಆಪ್ ಪಾಸ್‌ವರ್ಡ್‌ಗೆ ಅವಕಾಶವೇ ಇಲ್ಲ.

## ಒಂದು ಅಂಗಡಿಯ ಲೆಕ್ಕ

ಈಗ ಇದನ್ನು ಒಂದು ಕಡೆ ಇಟ್ಟು ನೋಡೋಣ. ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಅಂತ ಇಟ್ಟುಕೊಳ್ಳಿ. ಇಡೀ ಅಂಗಡಿಗೆ ಒಂದೇ ಜಿಮೇಲ್. ಮಾಲೀಕರ ಮೇಜಿನ ಮೇಲೆ ಹಳೆಯ ಕಂಪ್ಯೂಟರ್, ಅದರಲ್ಲಿ ಔಟ್‌ಲುಕ್ 2013, ಪಾಪ್ ಕ್ರಮದಲ್ಲಿ ಹಲವು ವರ್ಷಗಳ ಮೇಲ್ ಇಳಿದು ಕೂತಿದೆ. ಬಿಲ್ ಬರೆಯುವವರ ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್, ಐಮ್ಯಾಪ್. ಮೂಲೆಯಲ್ಲಿ ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಜೆರಾಕ್ಸ್ ಯಂತ್ರ. ಮಾಲೀಕರ ಫೋನಿನಲ್ಲಿ ಜಿಮೇಲ್ ಆಪ್. ಯಾರೋ ಹೇಳಿದರು ಅಂತ ಮಾಲೀಕರು ಪಾಸ್‌ವರ್ಡ್ ಬದಲಾಯಿಸಿದರು. ಮರುದಿನ ಫೋನ್ ಬಿಟ್ಟು ಎಲ್ಲವೂ ನಿಂತಿದೆ.

ಲ್ಯಾಪ್‌ಟಾಪಿನ ಥಂಡರ್‌ಬರ್ಡ್‌ಗೆ ಯೋಚನೆಯೇ ಬೇಡ. ಅದು ಗೂಗಲ್ ಕಿಟಕಿ ತೆರೆಯಬಲ್ಲದು. ಮೇಲೆ ಹೇಳಿದಂತೆ ಬರುವ, ಹೋಗುವ ಎರಡೂ ಕಡೆ `OAuth2` ಮಾಡಿ. ಸೈನ್‌ಇನ್ ಆಗುವಾಗ ಒಪ್ಪಿಗೆ ಮಾಲೀಕರ ಫೋನಿಗೆ ಬರುತ್ತದೆ, ಅವರು ಪಕ್ಕದಲ್ಲಿದ್ದಾಗ ಈ ಕೆಲಸ ಮಾಡಬೇಕು. ಒಂದು ಸಲ ಸಾಕು.

ಔಟ್‌ಲುಕ್ 2013 ಬಗ್ಗೆ ನಿಧಾನ ಬೇಕು. "ಖಾತೆ ಅಳಿಸಿ ಮತ್ತೆ ಸೇರಿಸಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಐಮ್ಯಾಪ್‌ಗೆ ಅದು ಸರಿ. ಪಾಪ್ ಖಾತೆಯಲ್ಲಿ ಮೇಲ್ ಕಂಪ್ಯೂಟರಿಗೆ ಇಳಿದು `.pst` ಎಂಬ ಫೈಲಿನಲ್ಲಿ ಕೂರುತ್ತದೆ. ಇಳಿಸಿದ ಮೇಲೆ ಜಿಮೇಲ್‌ನಿಂದ ಅಳಿಸು ಎಂದು ಯಾರಾದರೂ ಹಿಂದೆ ಸೆಟ್ ಮಾಡಿದ್ದರೆ ಆ ಫೈಲಿನಲ್ಲಿರುವುದೇ ಏಕೈಕ ಪ್ರತಿ. ಆದ್ದರಿಂದ ಮೊದಲು ಔಟ್‌ಲುಕ್ ಮುಚ್ಚಿ, ಆ ಫೈಲನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಖಾತೆಯನ್ನು ಅಳಿಸಬೇಡಿ. "ಔಟ್‌ಲುಕ್ ಮೇಜು" ಎಂದು ಹೆಸರಿಟ್ಟು ಒಂದು ಆಪ್ ಪಾಸ್‌ವರ್ಡ್ ಮಾಡಿ, ಖಾತೆಯ ಸೆಟ್ಟಿಂಗ್ ತೆರೆದು ಹಳೆಯ ಪಾಸ್‌ವರ್ಡ್ ಜಾಗದಲ್ಲಿ ಅದನ್ನು ಹಾಕಿ. `More Settings` ಒಳಗೆ `Outgoing Server` ಹಾಳೆಯಲ್ಲಿ `Use same settings as my incoming mail server` ಎಂದು ಗುರುತಾಗಿದೆಯಾ ನೋಡಿ. ಅಲ್ಲಿ ಬೇರೆ ಹಳೆಯ ಪಾಸ್‌ವರ್ಡ್ ಕೂತಿದ್ದರೆ ಮೇಲ್ ಬರುತ್ತದೆ, ಕಳಿಸುವಾಗ ಮಾತ್ರ ಮತ್ತೆ ಪೆಟ್ಟಿಗೆ ಬರುತ್ತದೆ.

ಸರ್ವರ್ ವಿವರಗಳನ್ನೂ ಹೊಂದಿಸಿ ನೋಡಿ:

```
pop.gmail.com    995   SSL/TLS
imap.gmail.com   993   SSL/TLS
smtp.gmail.com   465   SSL/TLS   (587 = STARTTLS)
```

ಇಷ್ಟಾದರೂ ಆ ಕಂಪ್ಯೂಟರಿಗೆ ಇದು ಕೊನೆಯ ಉತ್ತರ ಅಂತ ನಾನು ಹೇಳಲಾರೆ. ಔಟ್‌ಲುಕ್ 2013ಕ್ಕೆ ಮೈಕ್ರೋಸಾಫ್ಟ್ 2023ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿದೆ, ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ಇವತ್ತಿನ ಬಿಲ್ ಇವತ್ತೇ ಹೋಗಬೇಕು, ಅದಕ್ಕೆ ಆಪ್ ಪಾಸ್‌ವರ್ಡ್. ಬಿಡುವಾದಾಗ ಹೊಸ ಆಪ್‌ಗೆ ಹೋಗುವುದು ಬೇಕೇ ಬೇಕು.

ಜೆರಾಕ್ಸ್ ಯಂತ್ರಕ್ಕೂ ಆಪ್ ಪಾಸ್‌ವರ್ಡ್ ಬಿಟ್ಟು ಬೇರೆ ದಾರಿ ಕಡಿಮೆ. ಆದರೆ ಅಂಗಡಿಯ ಮುಖ್ಯ ಜಿಮೇಲ್‌ನ ಆಪ್ ಪಾಸ್‌ವರ್ಡನ್ನು ಅದರಲ್ಲಿ ಇಡಬೇಡಿ ಎಂದೇ ನಾನು ಒತ್ತಿ ಹೇಳುತ್ತೇನೆ. ಆ ಯಂತ್ರದ ಸೆಟ್ಟಿಂಗ್ ಪುಟಕ್ಕೆ ಹಲವು ಕಡೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಇರುತ್ತದೆ. ಸರ್ವಿಸ್‌ನವರು ಬಂದು ಹೋಗುತ್ತಾರೆ, ಹಳೆಯದಾದ ಮೇಲೆ ಮಾರಾಟವೂ ಆಗುತ್ತದೆ. ಆಪ್ ಪಾಸ್‌ವರ್ಡ್‌ಗೆ ಕಳಿಸುವುದಷ್ಟೇ ಎಂಬ ಮಿತಿ ಇಲ್ಲದ ಕಾರಣ, ಒಂದು ಸ್ಕ್ಯಾನ್ ಕಳಿಸುವ ಕೆಲಸಕ್ಕೆ ಅಂಗಡಿಯ ಎಲ್ಲ ವ್ಯವಹಾರದ ಮೇಲ್ ಅದರ ಹೊಟ್ಟೆಯಲ್ಲಿ ಇಟ್ಟಂತೆ ಆಗುತ್ತದೆ. ಸ್ಕ್ಯಾನ್ ಕಳಿಸಲಿಕ್ಕೇ ಒಂದು ಹೊಸ ಜಿಮೇಲ್ ಮಾಡಿ. ಅದಕ್ಕೆ ಎರಡು ಹಂತದ ಪರಿಶೀಲನೆ ಹಾಕಿ, ಅದರ ಆಪ್ ಪಾಸ್‌ವರ್ಡ್ ಯಂತ್ರಕ್ಕೆ ಕೊಡಿ. ಆ ಖಾತೆಯಲ್ಲಿ ಕದಿಯಲು ಸಿಗುವುದು ಕಳಿಸಿದ ಸ್ಕ್ಯಾನ್‌ಗಳು ಮಾತ್ರ, ಅವನ್ನೂ ಆಗಾಗ ಅಳಿಸಬಹುದು.

ಯಂತ್ರ ತುಂಬಾ ಹಳೆಯದಾಗಿದ್ದರೆ ಇನ್ನೊಂದು ತೊಂದರೆ ಬರಬಹುದು. ಪಾಸ್‌ವರ್ಡ್ ತಪ್ಪು ಎನ್ನುವ ಬದಲು ಸಂಪರ್ಕವೇ ಆಗಲಿಲ್ಲ ಎಂಬ ಅರ್ಥದ ಸಂದೇಶ, ಅಥವಾ ಟಿಎಲ್‌ಎಸ್ ದೋಷ ಕಾಣುತ್ತದೆ. ಅದು ಗೂಢಲಿಪಿಯ ಹಳೆಯ ಆವೃತ್ತಿಯ ಸಮಸ್ಯೆ. ಎಷ್ಟು ಆಪ್ ಪಾಸ್‌ವರ್ಡ್ ಮಾಡಿದರೂ ಹೋಗುವುದಿಲ್ಲ. ತಯಾರಕರ ಹೊಸ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ಸಾಫ್ಟ್‌ವೇರ್, ಹಾಕಬೇಕು, ಇಲ್ಲವೇ ಮೇಲ್ ಬಿಟ್ಟು ಸ್ಕ್ಯಾನ್ ನೇರ ಕಂಪ್ಯೂಟರಿನ ಫೋಲ್ಡರಿಗೆ ಹೋಗುವಂತೆ ಮಾಡಬೇಕು. ಮೇಲ್ ಕಳಿಸುವ ಅಗತ್ಯವೇ ಇಲ್ಲದಿದ್ದರೆ ಈ ಫೋಲ್ಡರಿನ ದಾರಿ ಹೊಸ ಯಂತ್ರಕ್ಕೂ ಒಳ್ಳೆಯದು.

ಫೋನಿನ ಜಿಮೇಲ್ ಆಪ್‌ಗೆ ಏನೂ ಮಾಡಬೇಕಿಲ್ಲ. ಒಂದು ಮಾತು ಮಾತ್ರ. ಈಗ ಇಡೀ ಅಂಗಡಿಯ ಸೈನ್‌ಇನ್ ಆ ಒಂದು ಫೋನಿನ ಮೇಲೆ ನಿಂತಿದೆ. ಎರಡು ಹಂತದ ಪರಿಶೀಲನೆಯ ಪುಟದಲ್ಲೇ ಬ್ಯಾಕಪ್ ಕೋಡ್‌ಗಳು ಸಿಗುತ್ತವೆ, ಒಂದು ಸಲಕ್ಕೆ 10, ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ. ಅವನ್ನು ಪ್ರಿಂಟ್ ತೆಗೆದು ಅಂಗಡಿಯ ಕಾಗದಪತ್ರ ಇರುವ ಬೀರುವಿನಲ್ಲಿಡಿ.

## ಮೂರನೇ ಆಯ್ಕೆ: ಆಪ್ ಬದಲಾಯಿಸುವುದು

ಔಟ್‌ಲುಕ್‌ನ ಈಗಿನ ಮೈಕ್ರೋಸಾಫ್ಟ್ 365 ಆವೃತ್ತಿ, ಥಂಡರ್‌ಬರ್ಡ್, ಮ್ಯಾಕ್ ಮತ್ತು ಐಫೋನಿನ ಮೇಲ್ ಆಪ್, ಇವೆಲ್ಲ ಗೂಗಲ್ ಕಿಟಕಿ ತೆರೆಯುತ್ತವೆ. ಇವುಗಳಲ್ಲಿ ದುಡ್ಡು ಕೊಡದೆ ಸಿಗುವುದು, ಹಳೆಯ ಕಂಪ್ಯೂಟರಿನಲ್ಲೂ ಓಡುವುದು ಬೇಕಾದರೆ ನನ್ನ ಮತ ಥಂಡರ್‌ಬರ್ಡ್‌ಗೆ. ಬರೀ ಮೇಲ್ ಓದಿ ಉತ್ತರಿಸುವವರಿಗೆ ಬ್ರೌಸರ್‌ನಲ್ಲಿ ಜಿಮೇಲ್ ತೆರೆದಿಡುವುದೇ ಸಾಕು. ಆದರೆ ಇಂಟರ್‌ನೆಟ್ ಇಲ್ಲದಾಗಲೂ ಹಳೆಯ ಮೇಲ್ ಬೇಕು, ಎರಡು ಮೂರು ಖಾತೆ ಒಂದೇ ಕಡೆ ಬೇಕು ಅನ್ನುವವರಿಗೆ ಆಪ್ ಬೇಕಾಗುತ್ತದೆ.

ಬದಲಾಯಿಸುವಾಗ ಹೊಸ ಆಪ್‌ನಲ್ಲಿ ಪಾಪ್ ಬೇಡ, ಐಮ್ಯಾಪ್ ಇರಲಿ. ಹಳೆಯ ಬರಹಗಳಲ್ಲಿ "ಜಿಮೇಲ್ ಸೆಟ್ಟಿಂಗ್‌ಗೆ ಹೋಗಿ ಐಮ್ಯಾಪ್ ಆನ್ ಮಾಡಿ" ಎಂದಿರುತ್ತದೆ. 2025ರ ಜನವರಿಯಿಂದ ಸಾಮಾನ್ಯ ಜಿಮೇಲ್‌ನಲ್ಲಿ ಅದು ಯಾವಾಗಲೂ ಆನ್, ಆ ಗುಂಡಿ ಹುಡುಕುತ್ತಾ ಕೂರಬೇಡಿ.

## ಜಿಮೇಲ್ ಅಲ್ಲದಿದ್ದರೆ

ಇಲ್ಲಿ ಜಾಸ್ತಿ ಜನ ಎಡವುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಔಟ್‌ಲುಕ್ ಡಾಟ್ ಕಾಮ್, ಹಾಟ್‌ಮೇಲ್, ಲೈವ್ ವಿಳಾಸಗಳಿಗೆ 2024ರ ಸೆಪ್ಟೆಂಬರ್ 16ರಿಂದ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಬರುವ ಕ್ರಮ ಪೂರ್ತಿ ನಿಂತಿದೆ. ಆಪ್ ಪಾಸ್‌ವರ್ಡ್ ಕೂಡ ಅದೇ ಕ್ರಮದಲ್ಲಿ ಹೋಗುವುದರಿಂದ ಅದೂ ನಡೆಯುವುದಿಲ್ಲ. ಜಿಮೇಲ್‌ಗೆ ಕೆಲಸ ಮಾಡಿದ ಉಪಾಯ ಇಲ್ಲಿ ಹಾಕಿ ಹೊತ್ತು ಕಳೆಯಬೇಡಿ. ಸೈನ್‌ಇನ್ ಕಿಟಕಿ ತೆರೆಯುವ ಆಪ್ ಒಂದೇ ಉತ್ತರ. ಹಾಟ್‌ಮೇಲ್ ವಿಳಾಸದಿಂದ ಸ್ಕ್ಯಾನ್ ಕಳಿಸುತ್ತಿದ್ದ ಹಳೆಯ ಯಂತ್ರವಿದ್ದರೆ ಕಳಿಸುವ ಖಾತೆಯನ್ನೇ ಬದಲಾಯಿಸಬೇಕು.

ಯಾಹೂ ಮತ್ತು ಐಕ್ಲೌಡ್ ಎರಡರಲ್ಲೂ ಆಪ್ ಪಾಸ್‌ವರ್ಡ್ ನಡೆಯುತ್ತದೆ. ಆಪಲ್ 2017ರ ಜೂನ್‌ನಿಂದಲೇ ಬೇರೆ ಕಂಪನಿಯ ಮೇಲ್ ಆಪ್‌ಗಳಿಗೆ ಇದನ್ನು ಕಡ್ಡಾಯ ಮಾಡಿದೆ. `account.apple.com` ಪುಟದಲ್ಲಿ ಮಾಡಿಕೊಳ್ಳಬಹುದು, ಒಮ್ಮೆಗೆ 25ರವರೆಗೆ ಇಟ್ಟುಕೊಳ್ಳಬಹುದು. ಅಲ್ಲೂ ಖಾತೆಯ ಪಾಸ್‌ವರ್ಡ್ ಬದಲಾದರೆ ಇವೆಲ್ಲ ರದ್ದು.

ಆಫೀಸು, ಕಾಲೇಜಿನ ವಿಳಾಸವಾದರೆ ನಿಮ್ಮ ಕೈಯಲ್ಲಿ ಇರುವುದು ಕಡಿಮೆ. ಯಾವ ದಾರಿ ತೆರೆದಿರಬೇಕು ಎಂದು ಅಡ್ಮಿನ್ ತೀರ್ಮಾನಿಸುತ್ತಾರೆ. ಅವರಿಗೆ ದೋಷದ ಸಂದೇಶದ ಪೂರ್ತಿ ಸಾಲು, ಆಪ್‌ನ ಹೆಸರು ಮತ್ತು ಆವೃತ್ತಿ ಕಳಿಸಿ. "ಮೇಲ್ ಬರ್ತಿಲ್ಲ" ಎಂದಷ್ಟೇ ಬರೆದರೆ ಅವರೂ ಮೊದಲು ಪಾಸ್‌ವರ್ಡ್ ಬದಲಾಯಿಸಲು ಹೇಳುವ ಸಾಧ್ಯತೆ ಇದೆ.

## ಆಪ್ ಪಾಸ್‌ವರ್ಡ್ ಕೇಳುವ ಮೋಸ

ಆಪ್ ಪಾಸ್‌ವರ್ಡ್ ಹಾಕಬೇಕಾದ್ದು ನಿಮ್ಮ ಸಾಧನದೊಳಗೆ ಮಾತ್ರ. ಅದನ್ನು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಮೇಲ್‌ನಲ್ಲಿ ಯಾರಿಗೂ ಹೇಳುವ ಸಂದರ್ಭವೇ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. 2025ರ ಜೂನ್‌ನಲ್ಲಿ ಗೂಗಲ್‌ನ ಭದ್ರತಾ ತಂಡ ಮತ್ತು ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ತಂಡ ಒಂದು ದಾಳಿಯ ವಿವರ ಹೊರತಂದವು. ರಷ್ಯಾ ಕುರಿತು ಬರೆಯುವ ಬ್ರಿಟನ್ನಿನ ಸಂಶೋಧಕರೊಬ್ಬರಿಗೆ ಅಮೆರಿಕದ ವಿದೇಶಾಂಗ ಇಲಾಖೆಯವರೆಂದು ಹೇಳಿಕೊಂಡವರು ಸಮಾಧಾನವಾಗಿ ಮೇಲ್ ಬರೆದರು. ಸಭೆಗೆ ಸೇರಲು ಒಂದು ಸುರಕ್ಷಿತ ವ್ಯವಸ್ಥೆ ಇದೆ ಎಂದು ಹೇಳಿ, ಗೂಗಲ್‌ನಲ್ಲಿ ಆಪ್ ಪಾಸ್‌ವರ್ಡ್ ಮಾಡಿ ಕಳಿಸುವ ಕ್ರಮವನ್ನು ಅಚ್ಚುಕಟ್ಟಾದ ಪಿಡಿಎಫ್‌ನಲ್ಲಿ ಕೊಟ್ಟರು. ಅವರು ನಂಬಿ ಕಳಿಸಿದರು. ಎರಡು ಹಂತದ ಪರಿಶೀಲನೆ ಇದ್ದೂ ದಾಳಿಕೋರರಿಗೆ ಅವರ ಮೇಲ್ ಸಿಕ್ಕಿತು. ಅಲ್ಲಿ ಯಾವ ತಂತ್ರಾಂಶವೂ ಒಡೆಯಲಿಲ್ಲ. ಆಪ್ ಪಾಸ್‌ವರ್ಡ್ ಅಂದರೆ ಒಟಿಪಿ ಇಲ್ಲದ ಪೂರ್ತಿ ಪ್ರವೇಶ ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೇ.

ರಿಪೇರಿಗೆ ಬಂದವರು ಆಪ್ ಪಾಸ್‌ವರ್ಡ್ ಮಾಡಿಕೊಡುವಾಗ ಅದನ್ನು ತಮ್ಮ ಫೋನಿನಲ್ಲಿ ಫೋಟೊ ತೆಗೆದುಕೊಂಡರೆ, ಅವರು ಹೋದ ಮೇಲೆ ಅದನ್ನು ಅಳಿಸಿ ನೀವೇ ಹೊಸದು ಮಾಡಿ ಹಾಕಿ. ಐದು ನಿಮಿಷದ ಕೆಲಸ. ಹಾಗೇ `apppasswords` ಪುಟದ ಪಟ್ಟಿಯನ್ನು ಒಮ್ಮೆ ಓದಿ. ಈಗ ಇಲ್ಲದ ಕಂಪ್ಯೂಟರಿನ ಹೆಸರು, ಗುರುತೇ ಸಿಗದ ಹೆಸರು ಕಂಡರೆ ಪಕ್ಕದ ಕಸದ ಬುಟ್ಟಿ ಒತ್ತಿ ಅಳಿಸಿ. ಅದನ್ನು ಯಾವುದಾದರೂ ಸಾಧನ ನಿಜವಾಗಿ ಬಳಸುತ್ತಿದ್ದರೆ ಅದು ಪಾಸ್‌ವರ್ಡ್ ಕೇಳುತ್ತದೆ, ಆಗ ಅದಕ್ಕೆ ಸರಿಯಾದ ಹೆಸರಿನಲ್ಲಿ ಹೊಸದು ಮಾಡಿ ಕೊಟ್ಟರಾಯಿತು.